ಭೋಗ್ಯದಲ್ಲಿದ್ದ ಮನೆಯ ಕರಾರನ್ನು ಇಂಗ್ಲಿಷಿಗೆ ತಂದದ್ದು

ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಮನೆಯ ಕ್ರಯದ ಕರಾರು ಪತ್ರ ಅನುವಾದಕ್ಕೆ ಬಂದಿತ್ತು. ಕೊಳ್ಳುವವರು ಮೆಲ್ಬರ್ನ್‌ನಲ್ಲಿರುವ ಓಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡುದಾರರು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಮಂಡ್ಯದಲ್ಲಿರುವ ಅವರ ಚಿಕ್ಕಪ್ಪ ಇಲ್ಲಿಯ ಓಡಾಟ ನೋಡಿಕೊಳ್ಳುತ್ತಿದ್ದರು. ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದ ನಿಯಮದಂತೆ ಓಸಿಐನವರು ಕೃಷಿ ಜಮೀನು ಕೊಳ್ಳುವಂತಿಲ್ಲ, ವಾಸದ ಮನೆ ಕೊಳ್ಳಬಹುದು. ಇದು ಹಳ್ಳಿಯ ವಾಸದ ಜಾಗವಾದ ಗ್ರಾಮಠಾಣಾದೊಳಗಿನ ಮನೆ. ಪಂಚಾಯಿತಿ ಕೊಡುವ ಇ-ಸ್ವತ್ತಿನ ದಾಖಲೆಗಳಾದ ನಮೂನೆ 9 ಮತ್ತು 11ಎ ಎರಡೂ ಇದ್ದವು.

ಇಂಥ ಪತ್ರ ಬಂದರೆ ನಾನು ಮೊದಲು ಪೆನ್ಸಿಲ್ ಹಿಡಿದು ಪೂರ್ತಿ ಓದುತ್ತೇನೆ. ಪ್ಯಾರಾಗಳಿಗೆ ನಂಬರು ಹಾಕಿ, ಇಂಗ್ಲಿಷಿನಲ್ಲಿ ಸರಿಸಮನಾದ ಮಾತಿಲ್ಲದ ಕಡೆ ಗೆರೆ ಎಳೆಯುತ್ತೇನೆ. ಈ ಪತ್ರದಲ್ಲಿ ಕಷ್ಟ ಇದ್ದದ್ದು ಆರನೇ ಪ್ಯಾರಾದಲ್ಲಿ: ‘ಸದರಿ ಸ್ವತ್ತಿನ ಮೇಲಿರುವ ಭೋಗ್ಯದ ಬಾಬ್ತು ರೂ. 6,00,000 ತೀರುವಳಿ ಮಾಡಿ, ಭೋಗ್ಯದಾರರಿಂದ ಸ್ವತ್ತನ್ನು ಬಿಡಿಸಿಕೊಳ್ಳತಕ್ಕದ್ದು.’

ನಮ್ಮ ಕಡೆ ಭೋಗ್ಯಕ್ಕೆ ಎಲ್ಲರೂ ‘ಲೀಸ್’ ಅಂತಲೇ ಹೇಳುತ್ತಾರೆ. ಮನೆ ಬಾಗಿಲಿಗೆ ನೇತುಹಾಕುವ ಬೋರ್ಡಿನಲ್ಲೂ ಅದೇ. ಆದರೆ ಮೆಲ್ಬರ್ನ್‌ನಲ್ಲಿ ಕೂತವರು ಲೀಸ್ ಅಂತ ಓದಿದರೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಬಾಡಿಗೆದಾರನನ್ನು ಊಹಿಸಿಕೊಳ್ಳುತ್ತಾರೆ. ಇಲ್ಲಿ ಬಾಡಿಗೆಯೇ ಇಲ್ಲ. ಮಾಲೀಕರು ಆರು ಲಕ್ಷ ಇಸಕೊಂಡಿದ್ದಾರೆ, ಆ ಹಣಕ್ಕೆ ಬಡ್ಡಿಯಿಲ್ಲ, ವಾಸಕ್ಕೆ ಬಾಡಿಗೆಯಿಲ್ಲ; ಹಣ ವಾಪಸು ಬಂದ ಮೇಲೆ ಮನೆ ಬಿಡಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58(ಡಿ) ಕಲಮಿನಲ್ಲಿ ಹೇಳಿರುವ ಸ್ವಾಧೀನ ಸಹಿತ ಅಡಮಾನಕ್ಕೆ ಇದು ಹತ್ತಿರ. ಹಾಗಂತ ‘ಮಾರ್ಟ್‌ಗೇಜ್’ ಎಂದು ಬರೆದುಬಿಟ್ಟರೆ ವಕೀಲರು ಕೊಡಬೇಕಾದ ತೀರ್ಮಾನವನ್ನು ನಾನು ಕೊಟ್ಟ ಹಾಗಾಗುತ್ತದೆ. ಅದಕ್ಕೇ ‘ಭೋಗ್ಯ’ ಎಂಬ ಮಾತನ್ನೇ ರೋಮನ್ ಲಿಪಿಯಲ್ಲಿ ಉಳಿಸಿದೆ. ವ್ಯವಹಾರ ಏನೆಂದು ಟಿಪ್ಪಣಿಯಲ್ಲಿ ಬಿಡಿಸಿ ಬರೆದು, ಭೋಗ್ಯದ ಮೂಲ ಪತ್ರ ತರಿಸಿ ನೋಡಿ ಎಂದು ಸೇರಿಸಿದೆ.

ಅದೇ ವಾಕ್ಯದಲ್ಲಿ ಇನ್ನೂ ದೊಡ್ಡ ತೊಡಕಿತ್ತು. ತೀರುವಳಿ ಮಾಡಬೇಕಾದವರು ಯಾರು? ಕನ್ನಡದಲ್ಲಿ ‘ತಕ್ಕದ್ದು’ ಅಂದರೆ ವಾಕ್ಯ ಮುಗಿಯಿತು, ಕರ್ತೃ ಬೇಕಿಲ್ಲ. ಇಂಗ್ಲಿಷಿನಲ್ಲಿ ಕೈ ತಾನಾಗಿ ‘ಸೆಲ್ಲರ್’ ಎಂದು ಬರೆಯಲು ಹೋಗುತ್ತದೆ. ಕ್ರಯದ ಮೊಬಲಗು 42 ಲಕ್ಷ. ಮಾರುವವರು ತೀರಿಸಿದರೆ ಕೊಳ್ಳುವವರಿಗೆ ಬೀಳುವುದು 42. ಕೊಳ್ಳುವವರು ತೀರಿಸಿ, ಅದನ್ನು ಮೊಬಲಗಿನಲ್ಲಿ ವಜಾ ಮಾಡಿಕೊಳ್ಳದಿದ್ದರೆ 48. ವಜಾ ಮಾಡಿಕೊಳ್ಳುವ ಮಾತು ಪತ್ರದಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಕರ್ತೃವಿಲ್ಲದ ವಾಕ್ಯವನ್ನೇ ಇಂಗ್ಲಿಷಿನಲ್ಲೂ ಇಟ್ಟು, ಎರಡೂ ಲೆಕ್ಕವನ್ನು ಟಿಪ್ಪಣಿಯಲ್ಲಿ ಕೊಟ್ಟೆ.

ಎರಡನೇ ಪ್ಯಾರಾದಲ್ಲಿ ಸ್ವತ್ತು ‘ನಮ್ಮ ಸ್ವಾಧೀನಾನುಭವದಲ್ಲಿ ಇರುತ್ತದೆ’ ಎಂದಿತ್ತು. ಪತ್ರ ಬರೆಯುವವರು ರೂಢಿಯಲ್ಲಿ ಹಾಕುವ ಸಾಲು ಅದು. ಮನೆಯಲ್ಲಿ ಭೋಗ್ಯದಾರರಿರುವಾಗ ಅದು ಆರನೇ ಪ್ಯಾರಾಕ್ಕೆ ಎದುರಾಗುತ್ತದೆ. ಅನುವಾದದಲ್ಲಿ ಇದನ್ನು ನಯ ಮಾಡಬಾರದು. ಎರಡನ್ನೂ ಇದ್ದ ಹಾಗೇ ಬರೆದು, ಒಂದಕ್ಕೊಂದು ಹೊಂದುವುದಿಲ್ಲವೆಂದು ಗುರುತು ಮಾಡಿದೆ.

ಟಿಪ್ಪಣಿ ಓದಿ ಮೆಲ್ಬರ್ನ್‌ನಿಂದ ಫೋನ್ ಬಂತು. ‘ಋಣಭಾರ ಪತ್ರದಲ್ಲಿ ಏನೂ ಇಲ್ವಲ್ಲ ಸಾರ್?’ ಅಂದರು. ನಿಜ, ನಮೂನೆ 16, ಅಂದರೆ ನಿಲ್ ಬಂದಿತ್ತು. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದದ್ದು ಮಾತ್ರ ಅದರಲ್ಲಿ ಕಾಣುತ್ತದೆ. ಛಾಪಾ ಕಾಗದದಲ್ಲಿ ಬರೆದು ಮನೆಯಲ್ಲಿಟ್ಟುಕೊಂಡ ಭೋಗ್ಯ ಕಾಣುವುದಿಲ್ಲ. ಚಿಕ್ಕಪ್ಪನವರು ಹೋಗಿ ಭೋಗ್ಯದಾರರನ್ನೇ ಕೇಳಿದಾಗ ಅಂಥ ಪತ್ರವೇ ಸಿಕ್ಕಿತು. ಅವಧಿ ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿತ್ತು.

‘ಖಾತೆ’ಗೂ ಟಿಪ್ಪಣಿ ಬೇಕಾಯಿತು. ಅದು ಕಂದಾಯ ಕಟ್ಟುವ ಲೆಕ್ಕದಲ್ಲಿರುವ ಹೆಸರು. ಅದೊಂದರಿಂದಲೇ ಮಾಲೀಕತ್ವ ಸಿದ್ಧವಾಗುವುದಿಲ್ಲ. ‘ಟೈಟಲ್’ ಎಂದು ಅನುವಾದಿಸಬಾರದು. ಸ್ವತ್ತಿನ ಜೊತೆ ಬರುವ ಎಂಟು ಬಗೆಯ ಹಕ್ಕನ್ನು ಹೇಳುವ ‘ನಿಧಿ ನಿಕ್ಷೇಪ ಜಲ ಪಾಷಾಣ’ದ ಅಷ್ಟಭೋಗದ ಸಾಲನ್ನು ಪದಶಃ ಕೊಟ್ಟು, ಇದು ಹಳೆಯ ರೂಢಿಯ ಮಾತು ಎಂದಷ್ಟೇ ಬರೆದೆ. ಸಾಲು ಹಾಗೆ ಹೇಳಿದರೂ, ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ ಕರ್ನಾಟಕದಲ್ಲಿದೆ.

ವಕೀಲರು ಆರನೇ ಪ್ಯಾರಾ ಬದಲಿಸಿದರು. ಈಗ ಮಾರುವವರೇ ತೀರಿಸಬೇಕು. ಕ್ರಯದ ನೋಂದಣಿ ದಿನ 42 ಲಕ್ಷದಲ್ಲೇ ಆರು ಲಕ್ಷದ ಡಿಡಿ ನೇರ ಭೋಗ್ಯದಾರರ ಹೆಸರಿಗೆ, ಅವರು ಮೂಲ ಪತ್ರದ ಮೇಲೆ ಖುಲಾಸೆ ಬರೆದು ಬೀಗದ ಕೈ ಕೊಡುವುದು. ಅವಧಿಗೆ ಮುಂಚೆ ಬಿಡಲು ಒಪ್ಪಿ ಭೋಗ್ಯದಾರರೂ ಕರಾರಿಗೆ ಸಹಿ ಹಾಕಿದರು.

ತಿದ್ದಿದ ಪತ್ರದ ಅನುವಾದವನ್ನು ಮತ್ತೆ ಕಳಿಸಿದೆ. ಟಿಪ್ಪಣಿಗಳನ್ನು ಪಠ್ಯದೊಳಗೆ ಬೆರೆಸದೆ ಬೇರೆ ಹಾಳೆಯಲ್ಲಿ ಪ್ಯಾರಾ ನಂಬರಿನೊಂದಿಗೆ ಇಟ್ಟಿದ್ದೆ. ಅರ್ಥದಲ್ಲಿ ವ್ಯತ್ಯಾಸ ಕಂಡರೆ ಕನ್ನಡ ಮೂಲವೇ ಅಂತಿಮ ಎಂದು ಮೊದಲ ಪುಟದಲ್ಲೇ ಬರೆದು ಸಹಿ ಮಾಡಿದೆ.