ಸೇಲ್ಸ್ ಶೀಟ್ ತುಂಬುವುದು ಹೇಗೆ? ಫಾರ್ಮುಲಾ ಕೆಡದ ಹಾಗೆ

ಒಂದು ದಿನಸಿ ಅಂಗಡಿ. ದಿನದ ವ್ಯಾಪಾರವನ್ನು ಗೂಗಲ್ ಶೀಟ್ಸ್‌ನಲ್ಲಿ ಬರೆದಿಡುತ್ತಾರೆ. A ಕಾಲಂನಲ್ಲಿ ಬಿಲ್ ನಂಬರ್, B ಸಾಮಾನು, C ಎಷ್ಟು, D ದರ, E ರಿಯಾಯಿತಿ, F ಮೊತ್ತ, G ಹಣ ಕೊಟ್ಟ ಬಗೆ. ಇದರಲ್ಲಿ F ಒಂದನ್ನು ಮಾತ್ರ ಯಾರೂ ಕೈಯಿಂದ ತುಂಬಬೇಕಿಲ್ಲ. ಅಲ್ಲಿ ಫಾರ್ಮುಲಾ ಕೂತಿದೆ:

```
=C7*D7-E7
```

ಏಳನೇ ಸಾಲಿಗೆ ಬನ್ನಿ. ಗಿರಾಕಿಯೊಬ್ಬರು ಕೆಜಿಗೆ 62 ರೂಪಾಯಿಯ ಅಕ್ಕಿ 5 ಕೆಜಿ ತೊಗೊಂಡರು. F7ರಲ್ಲಿ 310 ಬಂತು. ಚೌಕಾಸಿ ಆಯಿತು, 300ಕ್ಕೆ ಇಳಿಯಿತು. ಕೌಂಟರ್‌ನಲ್ಲಿದ್ದ ಹುಡುಗ ಸೀದಾ F7ರ ಮೇಲೆ 300 ಎಂದು ಹೊಡೆದ. ಶೀಟ್ ತಕರಾರು ಮಾಡಲಿಲ್ಲ. ಆದರೆ ಆ ಕ್ಷಣಕ್ಕೆ ಫಾರ್ಮುಲಾ ಅಳಿಸಿಹೋಗಿ ಬರೀ 300 ಎಂಬ ಸಂಖ್ಯೆ ಉಳಿಯಿತು.

ಅಷ್ಟರಲ್ಲಿ ಗಿರಾಕಿ ಇನ್ನೂ 2 ಕೆಜಿ ಕೊಡಿ ಅಂದರು. ಹುಡುಗ C7ರಲ್ಲಿ 5 ತೆಗೆದು 7 ಮಾಡಿದ, 424 ರೂಪಾಯಿ ನಗದು ಇಸ್ಕೊಂಡ. ಶೀಟಲ್ಲಿ ಮಾತ್ರ ಇನ್ನೂ 300. ರಾತ್ರಿ ಗಲ್ಲಾದಲ್ಲಿ 124 ಜಾಸ್ತಿ. ಜಾಸ್ತಿ ಇದ್ದರೆ ಯಾರೂ ಅಷ್ಟಾಗಿ ಹುಡುಕುವುದಿಲ್ಲ, ಅಲ್ವಾ?

ಮರುದಿನ ಅದೇ ಟ್ಯಾಬ್ ನಕಲು ಮಾಡಿ, ಹಳೆಯ ಎಂಟ್ರಿ ಅಳಿಸಿ, ಹೊಸ ದಿನ ಶುರು ಮಾಡಿದರು. F ಕಾಲಂ ಮುಟ್ಟಲಿಲ್ಲ, ಅದು ಫಾರ್ಮುಲಾ ತಾನೇ! ಏಳನೇ ಸಾಲಿನಲ್ಲಿ ಈ ಸಲ 2 ಕೆಜಿ ಸಕ್ಕರೆ, ಕೆಜಿಗೆ 45. ಬರಬೇಕಾದ್ದು 90, ಶೀಟ್ ತೋರಿಸಿದ್ದು 300. ರಾತ್ರಿ ಯಜಮಾನರ ದನಿ ಏರಿತು: "ಲೋ, ಗಲ್ಲಾದಲ್ಲಿ 210 ಕಡಿಮೆ ಇದೆಯಲ್ಲೋ?" ಹುಡುಗ ಒಂದು ಪೈಸೆ ಮುಟ್ಟಿಲ್ಲ. ಆದರೂ ಅನುಮಾನ ಅವನ ಮೇಲೆಯೇ.

`#REF!`, `#VALUE!` ಥರದ ತಪ್ಪುಗಳು ಪರವಾಗಿಲ್ಲ, ಕಣ್ಣಿಗೆ ಹೊಡೆಯುತ್ತವೆ. ಫಾರ್ಮುಲಾ ಇದ್ದ ಜಾಗದಲ್ಲಿ ಸುಮ್ನೆ ಕೂತಿರುವ ಇಂಥ ಸಂಖ್ಯೆಯೇ ಅಪಾಯ. ಮುಂದಿನ ಹಂತಗಳೆಲ್ಲ ಮುಖ್ಯವಾಗಿ ಇದನ್ನು ತಡೆಯುವುದಕ್ಕೇ.

1. ಎಲ್ಲಿ ಬರೆಯಬೇಕೋ ಅಲ್ಲಿ ಮಾತ್ರ ಬರೆಯಿರಿ

A, B, C, D, E, G ನಿಮ್ಮದು. F ಶೀಟ್‌ನದು. ಬಣ್ಣ ಹಾಕಿದ್ದರೆ ಇನ್ನೂ ಸುಲಭ: ಹಳದಿ ಬಣ್ಣದ್ದು ಬರೆಯಲು, ಬೂದು ಬಣ್ಣದ್ದು ನೋಡಲು. ಅನುಮಾನ ಬಂದರೆ ಸೆಲ್ ಮೇಲೆ ಒಮ್ಮೆ ಒತ್ತಿ ಫಾರ್ಮುಲಾ ಬಾರ್ ನೋಡಿ. `=` ಚಿಹ್ನೆಯಿಂದ ಶುರುವಾಗಿದ್ದರೆ ಕೈ ತೆಗೆಯಿರಿ. ಚೌಕಾಸಿ ಆಯಿತಾ? ಬಿಟ್ಟ 10 ರೂಪಾಯಿಯನ್ನು E ಕಾಲಂನಲ್ಲಿ ಬರೆಯಿರಿ. ಮೊತ್ತ ತಾನಾಗಿ 300 ಆಗುತ್ತದೆ, ಆಮೇಲೆ 7 ಕೆಜಿ ಮಾಡಿದರೆ 424 ಆಗುತ್ತದೆ. ನಿಮ್ಮ ಶೀಟಲ್ಲಿ ರಿಯಾಯಿತಿಗೆ ಕಾಲಂ ಇಲ್ಲದಿದ್ದರೆ ಯಜಮಾನರಿಗೆ ಹೇಳಿ ಹಾಕಿಸಿಕೊಳ್ಳಿ. ಅದು ಇಲ್ಲದ ಕಡೆ ಹುಡುಗರು F ಮೇಲೆ ಬರೆಯದೆ ಇನ್ನೇನು ಮಾಡುತ್ತಾರೆ?

2. ಸಂಖ್ಯೆ ಜಾಗದಲ್ಲಿ ಬರೀ ಸಂಖ್ಯೆ

C ಕಾಲಂನಲ್ಲಿ "2 ಕೆಜಿ" ಎಂದು ಬರೆದರೆ, D ಕಾಲಂನಲ್ಲಿ "62/-" ಎಂದು ಬರೆದರೆ ಶೀಟ್‌ಗೆ ಅದು ಅಕ್ಷರ. ಗುಣಿಸಲು ಆಗದೆ `#VALUE!` ತೋರಿಸುತ್ತದೆ, ಕೆಳಗಿನ ಒಟ್ಟು ಮೊತ್ತವೂ ಕೆಡುತ್ತದೆ. ಸಾಮಾನ್ಯವಾಗಿ ಸಂಖ್ಯೆ ಸೆಲ್‌ನ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ನೀವು ಬರೆದ ದರ ಎಡಕ್ಕೆ ಹೋಗಿ ನಿಂತರೆ ಅಲ್ಲೇನೋ ತಪ್ಪಾಗಿದೆ ಎಂದೇ ಲೆಕ್ಕ.

ಅರ್ಧ ಕೆಜಿಗೆ 0.5, ಕಾಲು ಕೆಜಿಗೆ 0.25 ಎಂದೇ ಬರೆಯಿರಿ. 1/2 ಎಂದು ಹೊಡೆದರೆ ಶೀಟ್ ಅದನ್ನು ತಾರೀಖು ಎಂದುಕೊಳ್ಳುತ್ತದೆ. ನಮ್ಮ ದೇಶದ ಸೆಟ್ಟಿಂಗ್‌ನಲ್ಲಿ ಅದು ಫೆಬ್ರವರಿ 1. ಪ್ರತಿ ತಾರೀಖಿಗೂ ಒಳಗೆ ಒಂದು ಸಂಖ್ಯೆ ಇರುತ್ತದೆ, 2025ರ ಫೆಬ್ರವರಿ 1ಕ್ಕೆ 45689. ಕೆಜಿಗೆ 120 ರೂಪಾಯಿಯ ಬೇಳೆ ಅರ್ಧ ಕೆಜಿ ಮಾರಿದ್ದಕ್ಕೆ 54,82,680 ರೂಪಾಯಿ ಬಿಲ್ ಆಗುತ್ತದೆ! ಇಷ್ಟು ದೊಡ್ಡದಾದ್ದರಿಂದ ಗೊತ್ತಾದರೂ ಆಗುತ್ತದೆ, ಅದೊಂದು ಪುಣ್ಯ.

3. ಹಣದ ಬಗೆ ಪಟ್ಟಿಯಿಂದಲೇ ಆರಿಸಿ

G ಕಾಲಂನಲ್ಲಿ ನಗದು, ಯುಪಿಐ, ಉದ್ರಿ ಎಂಬ ಮೂರೇ ಮಾತು. ಬದಿಯಲ್ಲಿ J2ರಲ್ಲಿ ನಗದು ವ್ಯಾಪಾರ ಹೀಗೆ ಲೆಕ್ಕವಾಗುತ್ತದೆ:

```
=SUMIF(G2:G60,"ನಗದು",F2:F60)
```

ನೀವು "ಕ್ಯಾಶ್" ಎಂದು ಬರೆದರೆ ಆ ಸಾಲು ಇದರಲ್ಲಿ ಸೇರುವುದೇ ಇಲ್ಲ. ತಪ್ಪು ಎಂದೂ ಹೇಳುವುದಿಲ್ಲ. ಇದನ್ನು ಹಿಡಿಯಲು J3ರಲ್ಲಿ ಯುಪಿಐ, J4ರಲ್ಲಿ ಉದ್ರಿ, J5ರಲ್ಲಿ F ಕಾಲಂನ ಒಟ್ಟು ಮೊತ್ತ ಇಟ್ಟು, J6ರಲ್ಲಿ ಹೀಗೆ ಬರೆಯಬಹುದು:

```
=J5-J2-J3-J4
```

ಅಂಗಡಿ ಮುಚ್ಚುವ ಮುಂಚೆ J6 ಸೊನ್ನೆ ಇರಬೇಕು. ಇಲ್ಲದಿದ್ದರೆ ಯಾವುದೋ ಸಾಲಿನಲ್ಲಿ G ಖಾಲಿ ಇದೆ, ಇಲ್ಲವೇ ಬೇರೆ ಮಾತು ಇದೆ. ಆದರೆ ಏಳನೇ ಸಾಲಿನ 300ರಂಥ ತಪ್ಪನ್ನು ಇದು ಹಿಡಿಯುವುದಿಲ್ಲ. ಏಕೆಂದರೆ ಎರಡೂ ಕಡೆ ಅದೇ ತಪ್ಪು ಸಂಖ್ಯೆ ಸೇರಿರುತ್ತದೆ.

4. ತಪ್ಪು ಸಾಲಿನಲ್ಲಿ ಬರೆದಿರಾ? ಎಳೆಯಬೇಡಿ

ಎಂಟ್ರಿಯನ್ನು ಕಟ್ ಮಾಡಿ ಬೇರೆ ಸಾಲಿಗೆ ಪೇಸ್ಟ್ ಮಾಡಿದರೆ, ಮೌಸ್‌ನಲ್ಲಿ ಎಳೆದರೆ, ಫಾರ್ಮುಲಾ ಅದರ ಹಿಂದೆಯೇ ಹೋಗಿಬಿಡುತ್ತದೆ. C5ನ್ನು C6ಕ್ಕೆ ಎಳೆದರೆ ಐದನೇ ಸಾಲಿನ ಮೊತ್ತ ಆರನೇ ಸಾಲಿನ ತೂಕಕ್ಕೆ ಐದನೇ ಸಾಲಿನ ದರ ಗುಣಿಸಲು ಶುರು ಮಾಡುತ್ತದೆ. ತಪ್ಪು ಎಂಟ್ರಿಯನ್ನು ಡಿಲೀಟ್ ಕೀಲಿಯಿಂದ ಖಾಲಿ ಮಾಡಿ, ಸರಿಯಾದ ಸಾಲಿನಲ್ಲಿ ಹೊಸದಾಗಿ ಹೊಡೆಯಿರಿ. ಇಡೀ ಸಾಲನ್ನು ತೆಗೆದುಹಾಕುವುದೂ ಬೇಡ, ನಡುವೆ ಹೊಸ ಸಾಲು ಸೇರಿಸುವುದೂ ಬೇಡ. ಹಾಗೆ ಸೇರಿಸಿದ ಸಾಲಿನ F ಖಾಲಿ ಇರಬಹುದು. ಹಬ್ಬದ ದಿನ ಅರವತ್ತು ಸಾಲು ಸಾಲದಿದ್ದರೆ ಯಜಮಾನರ ಹತ್ತಿರ ಹೇಳಿ.

ಯಜಮಾನರ ಪಾಲಿನ ಕೆಲಸ

ಒಂದೇ ಸಲದ ಕೆಲಸ ಇದು, ಕಂಪ್ಯೂಟರ್‌ನಲ್ಲಿ ಮಾಡಿ. F ಕಾಲಂ ಆರಿಸಿ, `Data` ಮೆನುವಿನಲ್ಲಿ `Protect sheets and ranges` ಒತ್ತಿ, ಬದಲಿಸುವ ಅಧಿಕಾರ ನಿಮಗೊಬ್ಬರಿಗೇ ಇಟ್ಟುಕೊಳ್ಳಿ. ಒಂದು ತೊಡಕಿದೆ. ಅಂಗಡಿಯ ಫೋನಿನಲ್ಲಿ ನಿಮ್ಮದೇ ಇಮೇಲ್ ಖಾತೆ ತೆರೆದಿದ್ದರೆ ಈ ಬೀಗ ಕೆಲಸಕ್ಕೆ ಬರುವುದಿಲ್ಲ. ಶೀಟ್ ಮಟ್ಟಿಗೆ ಆ ಹುಡುಗನೇ ಯಜಮಾನ! ಅವನ ಖಾತೆಗೆ ಶೀಟ್ ಹಂಚಿಕೊಡಿ. ಅದು ಆಗದಿದ್ದರೆ `Show a warning when editing this range` ಆರಿಸಿ, ಮುಟ್ಟುವ ಮುಂಚೆ ಎಚ್ಚರಿಕೆಯಾದರೂ ಬರುತ್ತದೆ.

ಅದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಕೆಂಪು ಬಣ್ಣದ ಉಪಾಯ. F2:F60 ಆರಿಸಿ, `Format` ಮೆನುವಿನಲ್ಲಿ `Conditional formatting`, ಅಲ್ಲಿ `Custom formula is` ಎಂಬ ಕಡೆ ಇದನ್ನು ಹಾಕಿ ಕೆಂಪು ಬಣ್ಣ ಕೊಡಿ:

```
=NOT(ISFORMULA(F2))
```

ಇನ್ನು ಮುಂದೆ F ಕಾಲಂನಲ್ಲಿ ಫಾರ್ಮುಲಾ ಹೋದ ಕೂಡಲೇ ಆ ಸೆಲ್ ಕೆಂಪಾಗುತ್ತದೆ. ಹೊಸ ದಿನದ ಟ್ಯಾಬನ್ನು ನಿನ್ನೆಯದರಿಂದ ಮಾಡಬೇಡಿ. ಯಾರೂ ಬರೆಯದ ಒಂದು ಖಾಲಿ ಟ್ಯಾಬ್ ಇಟ್ಟುಕೊಂಡು ಅದನ್ನೇ ನಕಲು ಮಾಡಿ. ನಕಲಿನಲ್ಲೂ ಬೀಗ ಇದೆಯಾ ಎಂದು ಒಮ್ಮೆ ನೋಡಿ.

ಕೆಟ್ಟೇ ಹೋದರೆ

ಆಗಷ್ಟೇ ಆದದ್ದಾದರೆ ಕಂಟ್ರೋಲ್ ಮತ್ತು Z ಒತ್ತಿ, ಫೋನಿನಲ್ಲಿ ಹಿಂದಕ್ಕೆ ಬಾಗಿದ ಬಾಣ. ಹಳೆಯದಾದರೆ ಮೇಲಿನ ಸಾಲಿನ F6 ಕಾಪಿ ಮಾಡಿ F7ಕ್ಕೆ ಪೇಸ್ಟ್ ಮಾಡಿ. 6 ಇದ್ದ ಕಡೆ ತಾನಾಗಿ 7 ಆಗುತ್ತದೆ. ಆಮೇಲೆ ಹಿಂದಿನ ದಿನಗಳ ಟ್ಯಾಬ್‌ಗಳನ್ನೂ ಒಂದೊಂದಾಗಿ ತೆರೆದು, F7 ಮೇಲೆ ಬಲ ಕ್ಲಿಕ್ ಮಾಡಿ `Show edit history` ನೋಡಿ. ಯಾವ ದಿನ ಯಾವ ಖಾತೆಯಿಂದ ಬದಲಾಯಿತು ಎಂದು ಅಲ್ಲಿರುತ್ತದೆ. ಆ ದಿನದಿಂದ ಈಚಿನ ಪ್ರತಿ ಟ್ಯಾಬ್‌ನಲ್ಲೂ ಏಳನೇ ಸಾಲು ತೆರೆದು ಸರಿಮಾಡಿ, ಆಯಾ ದಿನದ ನಗದನ್ನು ಮತ್ತೆ ತಾಳೆ ನೋಡಿ. ಹುಡುಗನ ಸಂಬಳದಲ್ಲಿ 210 ಹಿಡಿದಿದ್ದರೆ ವಾಪಸ್ ಕೊಡಿ.