ಗಿರಾಕಿಯೇ ಮೊದಲು ಫೋನ್ ಮಾಡುವಂಥ ಒಂದು ಹಾಳೆ

ಕಾಸರಗೋಡಿನ ಬದಿಯಡ್ಕದ ಕಡೆ ನನ್ನ ಭಾವ ಅಡಿಕೆ ತೋಟಗಳಿಗೆ ಡ್ರಿಪ್ ಹಾಕಿಕೊಡುತ್ತಾರೆ. ಮೊದಲು ನಾವಿಬ್ಬರೂ ಸೇರಿ ಅಡಿಕೆ ಕೃಷಿಯ ಬಗ್ಗೆ 20 ಪುಟದ ಪುಸ್ತಿಕೆ ಮಾಡಿ ಪುಕ್ಕಟೆ ಹಂಚಿದೆವು. ಫೋನೇನೋ ಬಂತು, ಆದರೆ ಸಸಿಗೆಷ್ಟು, ಕೊಳೆರೋಗಕ್ಕೆ ಯಾವ ಮದ್ದು ಎಂದು ಕೇಳುವವರೇ ಜಾಸ್ತಿ. ಆಮೇಲೆ ಒಂದೇ ಹಾಳೆಯ ಚೆಕ್‌ಲಿಸ್ಟ್ ಮಾಡಿದೆವು. ಅದು ಕೆಲಸ ಮಾಡಿತು.

ಮೊದಲು ಯೋಚಿಸಬೇಕಾದ್ದು ಒಂದೇ: ನಿಮಗೆ ದುಡ್ಡು ಕೊಡುವ ಸ್ವಲ್ಪ ಮುಂಚೆ ಗಿರಾಕಿ ಏನು ಮಾಡುತ್ತಾರೆ? ಡ್ರಿಪ್ ಹಾಕಿಸುವವರು ತಮ್ಮಲ್ಲಿ ನೀರು ಸಾಕಾ ಎಂದು ನೋಡುತ್ತಾರೆ. ಹಾಗಾಗಿ 'ನಿಮ್ಮ ಪಂಪಿನ ನೀರು ಒಮ್ಮೆಗೆ ಎಷ್ಟು ಮರಕ್ಕೆ ಸಾಕು?' ಎಂದೇ ತಲೆಬರಹ ಕೊಟ್ಟೆವು. ತೋಟ, ಪಂಪು ಇಲ್ಲದವರು ಈ ಹಾಳೆ ಮುಟ್ಟುವುದಿಲ್ಲ. ಬೇಕಾದ್ದೂ ಅದೇ ಅಲ್ವಾ?

ಇನ್ನು, ಹಾಳೆ ಅವರ ಒಂದು ಕೆಲಸವನ್ನು ಪೂರ್ತಿ ಮುಗಿಸಿಕೊಡಬೇಕು. ನಮ್ಮದರಲ್ಲಿ ಹೀಗಿದೆ. ತೋಟದ ಎತ್ತರದ ಜಾಗಕ್ಕೆ ಪೈಪ್ ಎಳೆದು, 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ನೋಡಿ. 9000ವನ್ನು ಆ ಸೆಕೆಂಡಿನಿಂದ ಭಾಗಿಸಿ. ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಇಟ್ಟರೆ, ಒಮ್ಮೆಗೆ ಹೆಚ್ಚೆಂದರೆ ಅಷ್ಟು ಮರಕ್ಕೆ ನೀರು ಬಿಡಬಹುದು. ನವೆಂಬರಿನಲ್ಲಿ ಅಳೆದರೆ ಬಾವಿ ತುಂಬಿರುತ್ತದೆ, ಲೆಕ್ಕ ಮೋಸ ಮಾಡುತ್ತದೆ. ಅದಕ್ಕೇ 'ಏಪ್ರಿಲಿನಲ್ಲಿ ಪಂಪು ನಿಲ್ಲದೆ ಎಷ್ಟು ಗಂಟೆ ಓಡುತ್ತದೆ?' ಎಂಬ ಸಾಲೂ ಇದೆ.

ಇಷ್ಟು ಉತ್ತರ ಸಿಕ್ಕ ಕೂಡಲೇ ಮುಂದಿನ ಪ್ರಶ್ನೆ ತಾನಾಗಿ ಏಳಬೇಕು. ಡ್ರಿಪ್ಪಿಗೆ ಒತ್ತಡ ಬೇಕು, ಹಾಗಾಗಿ ನಿಜವಾಗಿ ಸಿಗುವ ನೀರು ಇನ್ನೂ ಕಡಿಮೆ. ಎಷ್ಟು ಕಡಿಮೆ, ಪೈಪ್ ಎಷ್ಟು ಇಂಚಿನದು ಬೇಕು ಎಂಬುದು ತೋಟ ನೋಡದೆ ಗೊತ್ತಾಗುವುದಿಲ್ಲ. ಇದನ್ನು ಹಾಳೆಯಲ್ಲೇ ಬರೆದು, ಅದರ ಕೆಳಗೆ 'ತುಂಬಿಸಿದ ಹಾಳೆಯ ಫೋಟೋ ಈ ನಂಬರಿಗೆ ವಾಟ್ಸಾಪ್ ಮಾಡಿ, ತೋಟವನ್ನು ಎಷ್ಟು ಭಾಗ ಮಾಡಿ ನೀರು ಬಿಡಬೇಕೆಂದು ಎರಡು ದಿನದಲ್ಲಿ ಹೇಳುತ್ತೇವೆ' ಎಂದು ಹಾಕಿದೆವು. ನಂಬರ್ ಒಂದೇ ಇರಲಿ. ಸುಮ್ನೆ 'ಸಂಪರ್ಕಿಸಿ' ಎಂದರೆ ಯಾರೂ ಸಂಪರ್ಕಿಸುವುದಿಲ್ಲ.

ಪ್ರಿಂಟಿಗೆ ಕೊಡುವ ಮೊದಲು ಪರಿಚಯದ ಮೂವರ ಕೈಯಲ್ಲಿ ತುಂಬಿಸಿ ನೋಡಿ, ನೀವು ಬಾಯಿ ಬಿಡಬೇಡಿ. ನಮ್ಮ ಹಾಳೆಯಲ್ಲಿ 'ತೋಟ ಎಷ್ಟು ಸೆಂಟ್ಸ್?' ಎಂಬಲ್ಲಿ ಮೂವರ ಪೆನ್ನೂ ನಿಂತಿತು. 'ಎಷ್ಟು ಮರ?' ಎಂದು ಬದಲಾಯಿಸಿದೆವು, ಪೆನ್ನು ಓಡಿತು. ಹಿಂಬದಿಯಲ್ಲಿ ಇದನ್ನೇ ಮಲಯಾಳದಲ್ಲೂ ಹಾಕಿದೆವು. ಪಂಪ್ ರಿಪೇರಿ ಅಂಗಡಿಯಲ್ಲಿ ಇಟ್ಟ ಹಾಳೆಗಳ ಮೂಲೆಯಲ್ಲಿ 'ಪ', ಅಡಿಕೆ ಅಂಗಡಿಯವುಗಳಲ್ಲಿ 'ಅ' ಎಂದು ಗುರುತು ಮಾಡಿದ್ದರಿಂದ, ಯಾರು ಎಲ್ಲಿಂದ ಬಂದರು ಎಂಬುದು ಫೋಟೋದಲ್ಲೇ ತಿಳಿಯುತ್ತದೆ.

ಫೋನ್ ಮಾಡಿದವರು 'ಎಕರೆಗೆ ಎಷ್ಟಾಗುತ್ತದೆ?' ಎಂದೇ ಶುರು ಮಾಡಿದರೆ ಅವರು ಹಾಳೆ ತುಂಬಿಸಿಲ್ಲ ಎಂದರ್ಥ. ಹಾಗೆ ಜಾಸ್ತಿ ಬಂದರೆ ಹಾಳೆಯನ್ನು ತಿದ್ದಿ. ಮೊನ್ನೆ ಪೆರ್ಲದಿಂದ ಒಬ್ಬರು, 'ಬಕೆಟಿಗೆ 25 ಸೆಕೆಂಡು, 360 ಮರ ಅಂತ ಬಂತು, ನನ್ನಲ್ಲಿ 500 ಇದೆ, ಎರಡು ಭಾಗ ಮಾಡಿದರೆ ಗೇಟ್ ವಾಲ್ವ್ ಎಲ್ಲಿಡಬೇಕು ಭಾವಾ?' ಎಂದು ಕೇಳಿದರು. ಭಾವ ಮರುದಿನವೇ ಟೇಪು ಹಿಡಿದು ಹೋದರು.