ಕಟ್ಟಿದ ಕಂತು ಹಳೇ ಲೋನ್‌ಗೆ ಜಮಾ ಆಗಿತ್ತು

ಕಂತು ಕಟ್ಟಿದ್ದಕ್ಕೆ ಪುರಾವೆ ಕೈಯಲ್ಲಿದೆ, ಆದರೂ ಲೋನ್ ಓವರ್‌ಡ್ಯೂ ಅಂತ ತೋರಿಸುತ್ತಿದೆ ಅನ್ನುವವರು ಮೊದಲು ತಿಳಿದುಕೊಳ್ಳಬೇಕಾದ್ದು ಒಂದಿದೆ. ಹಣವನ್ನು ಹುಡುಕಿಸಿ ಜಮಾ ಮಾಡಿಸುವುದು ಅರ್ಧ ಕೆಲಸ ಮಾತ್ರ. ಯಾವ ತಾರೀಕು ಹಾಕಿ ಜಮಾ ಮಾಡುತ್ತಾರೆ ಅನ್ನುವುದರ ಮೇಲೆ ಸಿಬಿಲ್ ಸ್ಕೋರ್ ಉಳಿಯುತ್ತದೋ ಹೋಗುತ್ತದೋ ತೀರ್ಮಾನವಾಗುತ್ತದೆ. ನನ್ನ ವಿಷಯದಲ್ಲಿ ಹೇಗಾಯಿತು ಅಂತ ಹೇಳುತ್ತೇನೆ.

ನನ್ನದು ಪರ್ಸನಲ್ ಲೋನ್, ತಿಂಗಳಿಗೆ ₹11,250 ಕಂತು, ಪ್ರತಿ 5ನೇ ತಾರೀಕು ಆಟೋ ಡೆಬಿಟ್. 2025ರ ಫೆಬ್ರವರಿಯಲ್ಲಿ ಕೆಲಸ ಬದಲಾಯಿಸಿದೆ, ಅದರ ಜೊತೆ ಸಂಬಳದ ಖಾತೆಯೂ ಬದಲಾಯಿತು. ಹೊಸ ಖಾತೆಯ ಆಟೋ ಡೆಬಿಟ್ ಮ್ಯಾಂಡೇಟ್ ಮಾರ್ಚ್ 5ರೊಳಗೆ ರಿಜಿಸ್ಟರ್ ಆಗುವುದಿಲ್ಲ, ಈ ಒಂದು ತಿಂಗಳು ಲಿಂಕ್‌ನಲ್ಲಿ ಕಟ್ಟಿ ಅಂತ ಫೈನಾನ್ಸ್ ಕಂಪನಿಯವರೇ ಮೆಸೇಜ್ ಕಳಿಸಿದರು. ಮಾರ್ಚ್ 4ರ ಸಂಜೆ ಆ ಲಿಂಕ್ ಒತ್ತಿ ಯುಪಿಐನಲ್ಲಿ ಕಟ್ಟಿದೆ. ಹಣ ಕಟ್ ಆಯಿತು, ಪೇಮೆಂಟ್ ಸಕ್ಸಸ್ ಅಂತಲೂ ಬಂತು. ಆ ತಿಂಗಳ ನಡುವೆ ಕಲೆಕ್ಷನ್‌ನವರ ಫೋನ್ ಬಂದಾಗ ಸ್ಕ್ರೀನ್‌ಶಾಟ್ ಕಳಿಸಿದೆ. "ಅಪ್‌ಡೇಟ್ ಆಗುತ್ತೆ ಸರ್, ಸ್ವಲ್ಪ ಟೈಮ್ ತಗೊಳ್ಳುತ್ತೆ" ಅಂದರು. ಏಪ್ರಿಲ್‌ನಿಂದ ಆಟೋ ಡೆಬಿಟ್ ಸರಿಯಾಗಿ ಹೋಗತೊಡಗಿತು.

ಜೂನ್‌ನಲ್ಲಿ ಮನೆ ಸಾಲಕ್ಕೆ ಬಸವೇಶ್ವರನಗರದ ಒಂದು ಬ್ಯಾಂಕಿಗೆ ಅರ್ಜಿ ಹಾಕಿದಾಗ ಅಲ್ಲಿನ ಅಧಿಕಾರಿ ನನ್ನ ಕ್ರೆಡಿಟ್ ರಿಪೋರ್ಟ್ ತಿರುಗಿಸಿ ತೋರಿಸಿದರು. ಪರ್ಸನಲ್ ಲೋನ್‌ನ ಪಾವತಿ ಚರಿತ್ರೆಯಲ್ಲಿ ತಿಂಗಳಿಗೊಂದು ಚೌಕ ಇರುತ್ತದೆ. ಸರಿಯಾಗಿ ಕಟ್ಟಿದ ತಿಂಗಳಲ್ಲಿ 000, ಇಲ್ಲವಾದರೆ ಎಷ್ಟು ದಿನ ತಡವಾಗಿದೆ ಅನ್ನುವ ಸಂಖ್ಯೆ. ನನ್ನದರಲ್ಲಿ ಮಾರ್ಚ್‌ಗೆ 026, ಏಪ್ರಿಲ್‌ಗೆ 025, ಮೇಗೆ 026. ಸ್ಕೋರ್ 782ರಿಂದ 711ಕ್ಕೆ ಬಂದಿತ್ತು.

ತಪ್ಪಿದ್ದು ಒಂದು ಕಂತು ಅಂತಲೇ ಇಟ್ಟುಕೊಳ್ಳೋಣ, ಮೂರು ತಿಂಗಳು ಹೇಗೆ ಕೆಟ್ಟಿತು? ಲೋನ್ ಖಾತೆಗೆ ಯಾವ ಹಣ ಬಂದರೂ ಅದು ಮೊದಲು ಹಳೇ ಬಾಕಿಗೆ ಹೋಗುತ್ತದೆ. ಲೆಕ್ಕದಲ್ಲಿ ಮಾರ್ಚ್ ಕಂತು ಬಂದಿಲ್ಲ. ಹಾಗಾಗಿ ಏಪ್ರಿಲ್ 5ಕ್ಕೆ ಕಟ್ ಆದ ಹಣ ಮಾರ್ಚ್ ಬಾಕಿಯನ್ನು ತೀರಿಸಿತು, ಏಪ್ರಿಲ್ ಕಂತು ಅಲ್ಲಿಂದ ಬಾಕಿ ಉಳಿಯಿತು. ಮೇ 5ರ ಹಣ ಏಪ್ರಿಲ್‌ಗೆ ಹೋಯಿತು, ಮೇ ಬಾಕಿ ಉಳಿಯಿತು. ಹೀಗೆ ಒಂದು ಕಂತಿನ ಕೊರತೆ ಮುಂದಕ್ಕೆ ಸರಿಯುತ್ತಲೇ ಇರುತ್ತದೆ, ಪ್ರತಿ ತಿಂಗಳ ಕೊನೆಗೂ 25-26 ದಿನ ತಡ ಅಂತ ವರದಿಯಾಗುತ್ತದೆ. ಮೂವತ್ತು ದಿನ ದಾಟುವುದೇ ಇಲ್ಲವಾದ್ದರಿಂದ ಕಂಪನಿಯ ಕಡೆಯಿಂದ ದೊಡ್ಡ ಗಲಾಟೆಯೂ ಬರುವುದಿಲ್ಲ. ನಾವಾಗಿ ರಿಪೋರ್ಟ್ ತೆಗೆದು ನೋಡದಿದ್ದರೆ ಸಾಲ ಮುಗಿಯುವ ತನಕ ಹೀಗೇ ನಡೆಯಬಹುದು. ನಿಮ್ಮ ರಿಪೋರ್ಟ್‌ನಲ್ಲಿ ಸಾಲಾಗಿ ಹೆಚ್ಚುಕಡಿಮೆ ಒಂದೇ ಸಂಖ್ಯೆ ಕಂಡರೆ, ಎಲ್ಲೋ ಒಂದು ಕಂತು ಜಮಾ ಆಗಿಲ್ಲ ಅಂತಲೇ ಮೊದಲು ಅನುಮಾನಪಡಿ.

ಮರುದಿನ ಜಯನಗರದಲ್ಲಿರುವ ಫೈನಾನ್ಸ್ ಕಂಪನಿಯ ಶಾಖೆಗೆ ಹೋದೆ. ಯುಪಿಐ ಸ್ಕ್ರೀನ್‌ಶಾಟ್ ಬದಲು ಮಾರ್ಚ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್ ಒಯ್ದಿದ್ದೆ, ಅದರಲ್ಲಿ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಇರುತ್ತದೆ. ಅವರು ಆ ನಂಬರ್ ಹಾಕಿ ಹುಡುಕಿ, "ಈ ನಂಬರಿನಲ್ಲಿ ನಮಗೆ ಹಣವೇ ಬಂದಿಲ್ಲ, ನಿಮ್ಮ ಬ್ಯಾಂಕನ್ನೇ ಕೇಳಿ" ಅಂದರು. ಬ್ಯಾಂಕಿನವರು ಹಣ ಹೋಗಿದೆ ಅಂದರು. ಬಹಳ ಜನ ಇಲ್ಲೇ ಇಬ್ಬರ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಇಬ್ಬರು ಹೇಳಿದ್ದೂ ನಿಜವೇ. ಲಿಂಕ್‌ನಲ್ಲಿ ಕಟ್ಟಿದ ಹಣ ನೇರವಾಗಿ ಫೈನಾನ್ಸ್ ಕಂಪನಿಯ ಖಾತೆಗೆ ಹೋಗಿರಲಿಲ್ಲ. ನಡುವೆ ಒಂದು ಪೇಮೆಂಟ್ ಗೇಟ್‌ವೇ ಇತ್ತು. ಗೇಟ್‌ವೇ ಎಷ್ಟೋ ಗಿರಾಕಿಗಳ ಹಣವನ್ನು ಒಟ್ಟುಮಾಡಿ ಒಂದೇ ಮೊತ್ತವಾಗಿ ಕಂಪನಿಗೆ ಕಳಿಸುತ್ತದೆ, ಅದಕ್ಕೆ ಅದರದ್ದೇ ಬೇರೆ ಯುಟಿಆರ್, ಅಂದರೆ ವಹಿವಾಟಿನ ಗುರುತಿನ ಸಂಖ್ಯೆ, ಇರುತ್ತದೆ. ನನ್ನ ಬ್ಯಾಂಕಿನ ನಂಬರ್ ಕಂಪನಿಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಕಾಣುವುದು ಗೇಟ್‌ವೇಯ ಆರ್ಡರ್ ಐಡಿ. ನನ್ನ ಸ್ಟೇಟ್‌ಮೆಂಟ್‌ನಲ್ಲಿ ಹಣ ಪಡೆದವರ ಹೆಸರಿನ ಜಾಗದಲ್ಲಿ ಗೇಟ್‌ವೇ ಹೆಸರು ಇದ್ದದ್ದೇ ಇದರ ಗುರುತು. ಹಳೇ ಇಮೇಲ್ ಕೆದಕಿದಾಗ ಮಾರ್ಚ್ 4ರಂದು ಗೇಟ್‌ವೇಯಿಂದ ಬಂದ ರಸೀದಿ ಸಿಕ್ಕಿತು, ಆರ್ಡರ್ ಐಡಿ ಅದರಲ್ಲಿತ್ತು.

ಅದನ್ನು ಕೊಟ್ಟ ಮೇಲೆ ಕೌಂಟರ್‌ನಲ್ಲಿದ್ದ ಹುಡುಗಿ ಸ್ವಲ್ಪ ಹೊತ್ತು ನೋಡಿ, "ಸರ್, ನಿಮ್ಮದು ಇಲ್ಲಿ ಹಳೇ ಗಾಡಿ ಲೋನ್ ಒಂದಿತ್ತಲ್ವಾ? ಅದರ ಸ್ಟೇಟ್‌ಮೆಂಟೂ ತೆಗೀತೀನಿ ಇರಿ" ಅಂದಳು. ಎರಡು ವರ್ಷದ ಹಿಂದೆ ಮುಗಿದ ಸ್ಕೂಟರ್ ಲೋನ್ ಅದು. ಅದರ ಕೊನೆಯ ಸಾಲಿನಲ್ಲಿ 04-03-2025, ರಸೀದಿ, 11,250, ಪಕ್ಕದಲ್ಲಿ ಹೆಚ್ಚುವರಿ ಮೊತ್ತ ಅಂತಿತ್ತು. ಎರಡು ಲೋನ್‌ಗೂ ಗಿರಾಕಿ ಸಂಖ್ಯೆ ಒಂದೇ. ಅವರು ಕಳಿಸಿದ ಲಿಂಕ್ ಹಳೇ ಲೋನ್ ನಂಬರ್‌ಗೆ ಜೋಡಿಯಾಗಿತ್ತು. ಆ ಹುಡುಗಿ ತಾನಾಗಿ ಇನ್ನೊಂದು ಖಾತೆ ನೋಡದಿದ್ದರೆ ನಾನು ಇನ್ನೆಷ್ಟು ಅಲೆಯಬೇಕಿತ್ತೋ. ಅದಕ್ಕೇ ಹೇಳುವುದು, ಒಂದೇ ಕಂಪನಿಯಲ್ಲಿ ಹಿಂದೆ ಟಿವಿಗೋ ಗಾಡಿಗೋ ಸಾಲ ತೆಗೆದಿದ್ದರೆ, ಮುಗಿದದ್ದೂ ಸೇರಿ ಎಲ್ಲ ಲೋನ್‌ಗಳ ಸ್ಟೇಟ್‌ಮೆಂಟ್ ಆಫ್ ಅಕೌಂಟ್ ಕೇಳಿ.

ಹಣ ಸಿಕ್ಕಿದ ಮೇಲೆ ಮ್ಯಾನೇಜರ್ ಒಂದು ಸುಲಭದ ದಾರಿ ಹೇಳಿದರು. ಹಳೇ ಲೋನ್‌ನ ಹೆಚ್ಚುವರಿ ಹಣವನ್ನು ನಿಮಗೆ ರೀಫಂಡ್ ಮಾಡುತ್ತೇವೆ, ನೀವು ಹೊಸ ಲೋನ್‌ಗೆ ಇವತ್ತು ಒಂದು ಕಂತು ಕಟ್ಟಿಬಿಡಿ, ಬಾಕಿ ಸೊನ್ನೆ ಆಗುತ್ತೆ. ಕೇಳಲು ಸರಿಯಾಗಿಯೇ ಇತ್ತು, ಆದರೆ ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ದಾಖಲೆಯಲ್ಲಿ ಆ ಕಂತು ಬಂದದ್ದು ಜೂನ್‌ನಲ್ಲಿ ಅಂತಾಗುತ್ತದೆ. ಬಾಕಿ ಸೊನ್ನೆಯಾದರೂ ಮಾರ್ಚ್, ಏಪ್ರಿಲ್, ಮೇ ಚೌಕಗಳು ಹಾಗೇ ಉಳಿಯುತ್ತವೆ. ಸಿಬಿಲ್ ರಿಪೋರ್ಟ್‌ನಲ್ಲಿ 36 ತಿಂಗಳ ಚರಿತ್ರೆ ಕಾಣುತ್ತದೆ. ರೀಫಂಡ್ ತೆಗೆದುಕೊಂಡವರು ತಡವಾಗಿ ಕಟ್ಟಿದ್ದನ್ನು ತಾವೇ ಒಪ್ಪಿದಂತೆ ಆಗುತ್ತದೆ.

ಹಣ ಇನ್ನೂ ಎಲ್ಲಿದೆ ಅಂತಲೇ ಗೊತ್ತಾಗದಿದ್ದಾಗ ವಿಷಯ ಬೇರೆ. ಆಗ ಕೈಯಲ್ಲಿ ಹಣವಿದ್ದರೆ ಒಂದು ಕಂತು ಹೆಚ್ಚಿಗೆ ಕಟ್ಟಿ, ಇದು ಹೆಚ್ಚುವರಿ, ಹಳೆಯದು ಸಿಕ್ಕಿದ ಮೇಲೆ ಹೊಂದಿಸಿ ಅಂತ ಅದೇ ದಿನ ಇಮೇಲ್ ಮಾಡುವುದು ಒಳ್ಳೆಯದು. ಮುಂದಿನ ತಿಂಗಳು ಕೆಡುವುದಾದರೂ ನಿಲ್ಲುತ್ತದೆ.

ನಾನು ಬರವಣಿಗೆಯಲ್ಲಿ ಕೇಳಿದ್ದು ಮೂರೇ ವಿಷಯ. ಸ್ಕೂಟರ್ ಲೋನ್‌ನಲ್ಲಿರುವ ₹11,250 ಅನ್ನು ಪರ್ಸನಲ್ ಲೋನ್‌ಗೆ 04-03-2025ರ ವ್ಯಾಲ್ಯೂ ಡೇಟ್, ಅಂದರೆ ಹಣ ಬಂತು ಅಂತ ಲೆಕ್ಕಕ್ಕೆ ಹಿಡಿಯುವ ತಾರೀಕು, ಹಾಕಿ ವರ್ಗಾಯಿಸಬೇಕು. ಆ ತಡದ ಮೇಲೆ ಹಾಕಿದ ಪೀನಲ್ ಚಾರ್ಜ್ ವಾಪಸ್ ತೆಗೆಯಬೇಕು. ಮಾರ್ಚ್‌ನಿಂದ ಮೇ ತನಕದ ತಡದ ದಿನಗಳನ್ನು ಸೊನ್ನೆ ಮಾಡಿ ನಾಲ್ಕೂ ಕ್ರೆಡಿಟ್ ಬ್ಯೂರೋಗಳಿಗೆ, ಅಂದರೆ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್‌ಗೆ, ತಿದ್ದಿದ ಮಾಹಿತಿ ಕಳಿಸಬೇಕು. ಇಮೇಲ್ ಹೋದದ್ದು ಅವರ ಗ್ರೀವನ್ಸ್ ಅಧಿಕಾರಿಗೆ, ದೂರು ಸಂಖ್ಯೆಯನ್ನೂ ಕೇಳಿ ಪಡೆದೆ. ಬಾಯಲ್ಲಿ ಹೇಳಿ ಬಂದದ್ದಕ್ಕೆ ಲೆಕ್ಕವಿಲ್ಲ.

ಕ್ರೆಡಿಟ್ ಮಾಹಿತಿ ತಿದ್ದಬೇಕು ಅನ್ನುವ ಮಾತು ದೂರಿನಲ್ಲಿ ಸ್ಪಷ್ಟವಾಗಿ ಇರಲೇಬೇಕು. ರಿಸರ್ವ್ ಬ್ಯಾಂಕಿನ ನಿಯಮವೊಂದು 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಇಂಥ ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ಅಲ್ಲಿಂದ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು. ಸಾಲ ಕೊಟ್ಟವರಿಗೆ ತಿದ್ದಿದ ಮಾಹಿತಿ ಕಳಿಸಲು 21 ದಿನ ಇರುತ್ತದೆ. ಅವರು ತಡಮಾಡಿದರೆ ಅವರು ಕೊಡಬೇಕು, ಅವರು ಸಮಯಕ್ಕೆ ಕಳಿಸಿಯೂ ಬ್ಯೂರೋ ತಡಮಾಡಿದರೆ ಬ್ಯೂರೋ ಕೊಡಬೇಕು. ಬರೀ "ನನ್ನ ಕಂತು ಜಮಾ ಆಗಿಲ್ಲ" ಅಂತ ಬರೆದರೆ, ಕ್ರೆಡಿಟ್ ಮಾಹಿತಿಯ ದೂರೇ ಬಂದಿರಲಿಲ್ಲ ಅಂತ ನಂತರ ಜಾರಿಕೊಳ್ಳಲು ಅವಕಾಶವಾಗುತ್ತದೆ.

ಬ್ಯೂರೋಗಳ ವೆಬ್‌ಸೈಟ್‌ನಲ್ಲಿ ಡಿಸ್ಪ್ಯೂಟ್ ಹಾಕಲು ಸ್ನೇಹಿತರು ಅವಸರ ಮಾಡಿದರು. ಕಂಪನಿಯ ಲೆಕ್ಕ ಸರಿಯಾಗುವ ತನಕ ನಾನು ಕಾದೆ. ಬ್ಯೂರೋ ತಾನಾಗಿ ಏನನ್ನೂ ತಿದ್ದುವ ಹಾಗಿಲ್ಲ, ಸಾಲ ಕೊಟ್ಟವರನ್ನೇ ಕೇಳುತ್ತದೆ. ಅವರ ಲೆಕ್ಕದಲ್ಲಿ ಇನ್ನೂ ಬಾಕಿ ಇದ್ದರೆ ನಾವು ಕಳಿಸಿದ್ದೇ ಸರಿ ಅಂತ ಉತ್ತರ ಬರುತ್ತದೆ, ಡಿಸ್ಪ್ಯೂಟ್ ಮುಚ್ಚಿಹೋಗುತ್ತದೆ.

ವರ್ಗಾವಣೆ ಆದ ಮೇಲೆ ಹೊಸ ಸ್ಟೇಟ್‌ಮೆಂಟ್ ತರಿಸಿ ನೋಡಿದೆ. ಮಾರ್ಚ್ ರಸೀದಿಯ ಮುಂದೆ ಎರಡು ತಾರೀಕುಗಳಿದ್ದವು. ಎಂಟ್ರಿ ಮಾಡಿದ ದಿನ ಜೂನ್, ವ್ಯಾಲ್ಯೂ ಡೇಟ್ ಮಾರ್ಚ್ 4. ಎರಡನೆಯದು ಸರಿಯಿದೆಯೇ ಅಂತ ನೋಡಿಕೊಂಡ ಮೇಲಷ್ಟೇ ಮುಂದುವರಿಯಿರಿ. ಜೊತೆಗೆ ಅವರ ಲೆಟರ್‌ಹೆಡ್‌ನಲ್ಲಿ, ಗಿರಾಕಿಯಿಂದ ತಡವಾಗಿಲ್ಲ, ಜಮಾ ಮಾಡುವುದರಲ್ಲಿ ನಮ್ಮ ಕಡೆಯಿಂದ ತಪ್ಪಾಗಿದೆ ಅನ್ನುವ ಪತ್ರವನ್ನೂ ಪಡೆದೆ. ಸ್ಕೋರ್ ಏರುವ ಮೊದಲೇ ಮನೆ ಸಾಲದ ಫೈಲ್ ಮತ್ತೆ ಮೇಜಿಗೆ ಬಂದದ್ದು ಆ ಪತ್ರದಿಂದ. ಬ್ಯಾಂಕಿನವರು ಅದನ್ನು ವಿವರಣೆಯಾಗಿ ಸೇರಿಸಿಕೊಂಡು ಪರಿಶೀಲನೆ ಮುಂದುವರಿಸಿದರು.

2025ರ ಜನವರಿಯಿಂದ ಜಾರಿಯಾಗಿದ್ದ ನಿಯಮದಂತೆ ಆಗ ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆ ಬ್ಯೂರೋಗಳಿಗೆ ಮಾಹಿತಿ ಕಳಿಸಬೇಕಿತ್ತು. ಹಾಗಾಗಿ ಸದ್ಯದ ಬಾಕಿ ಬೇಗನೇ ಸೊನ್ನೆ ಆಯಿತು. ಹಳೇ ತಿಂಗಳ ಚೌಕಗಳು ಆ ಮಾಮೂಲಿ ಅಪ್‌ಡೇಟ್‌ನಿಂದ ಬದಲಾಗುವುದಿಲ್ಲ, ಅದಕ್ಕೆ ತಿದ್ದುಪಡಿಯನ್ನು ಬೇರೆಯಾಗಿಯೇ ಕಳಿಸಬೇಕು. ಪ್ರತಿ ಬ್ಯೂರೋ ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತವಾಗಿ ಕೊಡಬೇಕಾದ್ದರಿಂದ ನಾಲ್ಕನ್ನೂ ತೆಗೆದು ನೋಡಿದೆ. ಮೂರರಲ್ಲಿ 000 ಬಂದಿತ್ತು, ಒಂದರಲ್ಲಿ ಏಪ್ರಿಲ್‌ನ 025 ಹಾಗೇ ಇತ್ತು. ಅಲ್ಲಿ ಮಾತ್ರ ಹೊಸ ಸ್ಟೇಟ್‌ಮೆಂಟ್ ಜೋಡಿಸಿ ಡಿಸ್ಪ್ಯೂಟ್ ಹಾಕಿದೆ, ಸರಿಯಾಯಿತು.

ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ತನಕ ನಾನು ಹೋಗಬೇಕಾಗಲಿಲ್ಲ. ಹೋಗಬೇಕಾದವರು ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಅರ್ಜಿ ಹಿಡಿದು ಅಲೆಯಬೇಕಿಲ್ಲ, cms.rbi.org.in ನಲ್ಲಿ ಸಲ್ಲಿಸಿದರೆ ಸಾಕು. ಮೊದಲು ಕಂಪನಿಗೆ ಬರೆದ ದೂರು ಇರಬೇಕು, ಅದಕ್ಕೆ 30 ದಿನ ಉತ್ತರ ಬಂದಿರಬಾರದು ಅಥವಾ ಬಂದ ಉತ್ತರ ಸಮಾಧಾನ ತಂದಿರಬಾರದು. ಅದಕ್ಕೂ ಮೊದಲೇ ಹಾಕಿದರೆ ತಿರಸ್ಕಾರವಾಗುತ್ತದೆ.

ನನ್ನ ತಿದ್ದುಪಡಿ ಮುಗಿಯುವಾಗ 30 ದಿನ ದಾಟಿತ್ತು. ಪರಿಹಾರದ ಮಾತನ್ನು ಕಂಪನಿಯವರು ತಾವಾಗಿ ಎತ್ತಲಿಲ್ಲ. ದೂರು ಕೊಟ್ಟ ತಾರೀಕು, ಬಗೆಹರಿದ ತಾರೀಕು, ನಡುವಿನ ಹೆಚ್ಚಿನ ದಿನಗಳಿಗೆ ದಿನಕ್ಕೆ ನೂರರಂತೆ ಲೆಕ್ಕ, ಇಷ್ಟನ್ನು ಅದೇ ದೂರು ಸಂಖ್ಯೆಯ ಮೇಲೆ ಬರೆದು ಕಳಿಸಿದೆ. ಹಣ ನನ್ನ ಸಂಬಳದ ಖಾತೆಗೆ ಬಂತು.